ಇಂಟರ್‌ವ್ಯೂಗೆ ಬಾರದ ಪ್ಲಾಂಟ್ ಹೆಡ್ ಹತ್ತಿರ 15 ನಿಮಿಷ ಕೇಳುವುದು

"ಸರ್ ಇವತ್ತು ಬರೋಕಾಗಿಲ್ಲ. ನಾವೇ ಅವರಿಗೆ ಎಲ್ಲಾ ಹೇಳ್ತೀವಿ, ನೀವೇನೂ ಯೋಚನೆ ಮಾಡ್ಬೇಡಿ." ಇಂಟರ್‌ವ್ಯೂ ಮುಗಿಸಿ ಈ ಮಾತು ಕೇಳಿಸಿಕೊಂಡು ಹೊರಗೆ ಬಂದವರು ನಮ್ಮ ಕೋಲಾರದ ಕಡೆ ಬೇಕಾದಷ್ಟು ಜನ ಇದ್ದಾರೆ. ನರಸಾಪುರ, ವೇಮಗಲ್, ಮಾಲೂರು, ಯಾವ ಕಡೆಯ ಫ್ಯಾಕ್ಟರಿಗೆ ಹೋದರೂ ಇದು ಇದ್ದದ್ದೇ. ಮೂರು ಜನ ಕೂರಬೇಕಾದ ಕಡೆ ಇಬ್ಬರು ಕೂತಿರುತ್ತಾರೆ. ಬಾರದೇ ಇರುವ ಆ ಒಬ್ಬರೇ ಕೊನೆಗೆ ಹೂಂ ಅನ್ನಬೇಕಾದವರು. ನಾವು ಬಸ್ ಹತ್ತಿ ಮನೆಗೆ ಬರುತ್ತೇವೆ, "ಚೆನ್ನಾಗಿ ಆಯ್ತು" ಅನ್ನುತ್ತೇವೆ, ಕಾಯುತ್ತೇವೆ.

"ನಾವೇ ಹೇಳ್ತೀವಿ" ಅಂದರೆ ಏನು ಹೇಳುತ್ತಾರೆ ಅನ್ನುವುದು ನನಗೆ ಗೊತ್ತು. ಕ್ವಾಲಿಟಿ ವಿಭಾಗದಲ್ಲಿ ಕೆಲಸ ಮಾಡುತ್ತಾ ನಾನೂ ಮೇಜಿನ ಆ ಕಡೆ ಕೂತಿದ್ದೇನೆ. ಒಂದು ಹಾಳೆ ಇರುತ್ತದೆ. ವಿಷಯ ಜ್ಞಾನ, ಮಾತುಗಾರಿಕೆ, ಅನುಭವ ಅಂತ ಐದಕ್ಕೆ ಇಷ್ಟು ಅಂಕ ಹಾಕುವ ಸಾಲುಗಳು, ಕೆಳಗೆ ಷರಾ ಬರೆಯಲು ಒಂದು ಚಿಕ್ಕ ಚೌಕ. ಆ ಚೌಕದಲ್ಲಿ ಹೆಚ್ಚೆಂದರೆ ಎರಡು ಸಾಲು ಹಿಡಿಸುತ್ತದೆ. "ಕೆಲಸ ಗೊತ್ತು. ಸಂಬಳ ಸ್ವಲ್ಪ ಜಾಸ್ತಿ ಕೇಳುತ್ತಾರೆ. ನೋಟಿಸ್ 60 ದಿನ." ಎಚ್‌ಆರ್ ಇದನ್ನು ಮೇಲ್ ಮಾಡುತ್ತಾರೆ. ಪ್ಲಾಂಟ್ ಹೆಡ್ ಎರಡು ಮೀಟಿಂಗ್ ನಡುವೆ ಮೊಬೈಲಿನಲ್ಲಿ ನೋಡುತ್ತಾರೆ. ಅದೇ ಹುದ್ದೆಗೆ ಅವರೇ ಎದುರು ಕೂರಿಸಿಕೊಂಡು ಮಾತಾಡಿಸಿದ ಇನ್ನೊಬ್ಬರು ಇದ್ದರೆ ಅವರ ಮನಸ್ಸು ಆ ಕಡೆಗೇ ವಾಲುತ್ತದೆ. ಇದರಲ್ಲಿ ಅವರದೇನೂ ಮೋಸವಿಲ್ಲ. ಮುಖ ನೋಡಿದವರ ಮೇಲೆ ನಂಬಿಕೆ ಬರುವುದು ಸಹಜ. ಆದರೆ ನಮ್ಮ ಹಣೆಬರಹ ಆ ಎರಡು ಸಾಲಿಗೆ ಬಂದು ನಿಂತಿರುತ್ತದೆ, ಅಲ್ವಾ? ಅದಕ್ಕೇ ಬಾರದವರ ಹತ್ತಿರ ಸ್ವಲ್ಪ ಹೊತ್ತು ಕೇಳುವುದು ನ್ಯಾಯ ಅಂತ ನಾನು ಗಟ್ಟಿಯಾಗಿ ನಂಬಿದ್ದೇನೆ. ಹೇಗೆ ಕೇಳಬೇಕು, ಎಲ್ಲಿ ಕೇಳಲೇಬಾರದು ಅನ್ನುವುದೇ ಕಷ್ಟದ ಭಾಗ.

ಯಾರಿಲ್ಲ, ಅವರಿಲ್ಲದೆ ಏನು ನಿಂತಿದೆ

ನಾನು ಕೆಲಸ ಬದಲಾಯಿಸಲು ಹೊರಟಿದ್ದ ಸಮಯ. ನರಸಾಪುರದ ಕಡೆಯ ಒಂದು ಫ್ಯಾಕ್ಟರಿ, ದ್ವಿಚಕ್ರ ವಾಹನಗಳಿಗೆ ವೆಲ್ಡಿಂಗ್ ಮಾಡಿದ ಬ್ರಾಕೆಟ್‌ಗಳನ್ನು ಮಾಡಿಕೊಡುವುದು. ಹುದ್ದೆ ಸೀನಿಯರ್ ಕ್ವಾಲಿಟಿ ಎಂಜಿನಿಯರ್. ಎಚ್‌ಆರ್ ಮೇಡಂ ಮತ್ತು ಕ್ವಾಲಿಟಿ ಮ್ಯಾನೇಜರ್ ಕೂತಿದ್ದರು. ಮೂರನೇ ಕುರ್ಚಿಯ ಮುಂದೆ ನನ್ನ ರೆಸ್ಯೂಮೆಯ ಪ್ರಿಂಟ್, ಅದರ ಮೇಲೆ ಮುಚ್ಚಳ ತೆಗೆಯದ ನೀರಿನ ಬಾಟಲಿ. ಗ್ರಾಹಕರ ಕಂಪನಿಯ ಲೈನಿನಲ್ಲಿ ನಮ್ಮ ಬ್ರಾಕೆಟ್ ಕೂರುತ್ತಿಲ್ಲ ಅಂತ ಬೆಳಿಗ್ಗೆ ಫೋನ್ ಬಂತು, ಪ್ಲಾಂಟ್ ಹೆಡ್ ಅಲ್ಲಿಗೇ ಹೋಗಿದ್ದಾರೆ ಅಂದರು. ಈ ಕೆಲಸ ಗೊತ್ತಿದ್ದವರಿಗೆ ಇದು ನೆಪ ಅಲ್ಲ ಅಂತ ಅರ್ಥವಾಗುತ್ತದೆ. ಗ್ರಾಹಕರ ಲೈನ್ ನಿಂತರೆ ಪ್ಲಾಂಟ್ ಹೆಡ್ ಅಲ್ಲಿ ಇರಲೇಬೇಕು.

ಮಾತು ಚೆನ್ನಾಗಿಯೇ ನಡೆಯಿತು. ವೆಲ್ಡಿಂಗ್ ಎಷ್ಟು ಒಳಗೆ ಇಳಿದಿದೆ ಅಂತ ತುಂಡು ಕತ್ತರಿಸಿ ನೋಡುವುದು, ಫಿಕ್ಸ್ಚರ್ ಸವೆದರೆ ಅಳತೆಯಲ್ಲಿ ಹೇಗೆ ಗೊತ್ತಾಗುತ್ತದೆ, ಸರಬರಾಜುದಾರರ ಮಾಲನ್ನು ಹೇಗೆ ತಪಾಸಣೆ ಮಾಡ್ತೀರಿ, ಇವೆಲ್ಲ ಕೇಳಿದರು. ಕೊನೆಗೆ ನನ್ನ ಸರದಿ ಬಂತು. "ರಾತ್ರಿ ಪಾಳಿಯಲ್ಲಿ ಅನುಮಾನದ ಮಾಲು ಕಂಡರೆ ಡಿಸ್ಪ್ಯಾಚ್ ನಿಲ್ಲಿಸುವ ಅಧಿಕಾರ ಈ ಹುದ್ದೆಗೆ ಇದೆಯಾ?" ಅಂತ ಕೇಳಿದೆ. ಕ್ವಾಲಿಟಿ ಮ್ಯಾನೇಜರ್ ಎಚ್‌ಆರ್ ಮುಖ ನೋಡಿದರು. "ಅದನ್ನ ಸರ್ ಹತ್ರಾನೇ ಮಾತಾಡ್ಬೇಕು" ಅಂದರು. ಸಂಬಳದ ಮಾತು ಬಂದಾಗಲೂ "ಸರ್ ಓಕೆ ಅಂದ್ಮೇಲೆ ನೋಡೋಣ" ಅಂತಲೇ ಉತ್ತರ.

ಗಮನಿಸಬೇಕಾದದ್ದು ಇದನ್ನೇ. ಪ್ಯಾನೆಲ್‌ನಲ್ಲಿ ಯಾರೋ ಒಬ್ಬರು ಇರಲಿಲ್ಲ ಅನ್ನುವುದಷ್ಟೇ ಭೇಟಿ ಕೇಳಲು ಕಾರಣ ಆಗುವುದಿಲ್ಲ. ಎಷ್ಟೋ ಕಡೆ ಮೂರನೆಯವರು ಸುಮ್ನೆ ಸಹಿ ಹಾಕುವವರು, ಕೂತ ಇಬ್ಬರು ಒಪ್ಪಿದರೆ ಮುಗಿಯಿತು. ಅಂಥ ಕಡೆ ಇನ್ನೊಂದು ಭೇಟಿ ಕೇಳಿದರೆ ಮುಗಿದ ಕೆಲಸವನ್ನು ನಾವೇ ಮತ್ತೆ ಎಳೆದ ಹಾಗೆ. ಆದರೆ ನಾವು ಕೇಳಿದ ಪ್ರಶ್ನೆಗೆ ಕೂತವರ ಹತ್ತಿರ ಉತ್ತರ ಇಲ್ಲದೆ, ಆ ಉತ್ತರ ಬಾರದವರ ಹತ್ತಿರ ಮಾತ್ರ ಇದೆ ಅಂತಾದರೆ, ಅದು ನಿಜವಾದ ಕಾರಣ. ಆ ಪ್ರಶ್ನೆಯನ್ನು ನೆನಪಿಟ್ಟುಕೊಳ್ಳಬೇಕು. ಮುಂದೆ ಬರೆಯುವ ಮೇಲ್ ನಿಲ್ಲುವುದು ಅದರ ಮೇಲೆಯೇ.

ಏಳುವ ಮುಂಚೆ ಇನ್ನೊಂದು ಮಾತು ಕೇಳಿದೆ. "ಮೇಡಂ, ಈ ಹುದ್ದೆಗೆ ತಗೊಳ್ಳೋವಾಗ ಸರ್ ಅವರೂ ಒಂದು ಸಲ ಮಾತಾಡಿಸುವ ಪದ್ಧತಿ ಇದೆಯಾ?" ಅವರು ಸ್ವಲ್ಪ ಯೋಚಿಸಿ, "ಸಾಮಾನ್ಯವಾಗಿ ಮಾತಾಡಿಸ್ತಾರೆ. ನೋಡೋಣ, ನನಗೊಂದು ಮೇಲ್ ಹಾಕಿ" ಅಂದರು. ಈ ಪ್ರಶ್ನೆಗೆ ಅದಕ್ಕಿಂತ ಒಳ್ಳೆಯ ಜಾಗ ಇಲ್ಲ. ಎದುರಾ ಎದುರು ಕೂತಿರುವಾಗ ಕೇಳಿದರೆ ಅದು ಮಾಹಿತಿ ಕೇಳಿದ ಹಾಗೆ ಇರುತ್ತದೆ, ಒತ್ತಾಯ ಅನಿಸುವುದಿಲ್ಲ. ಆಮೇಲೆ ಹಾಕುವ ಮೇಲ್ ಕೂಡ ಅವರೇ ಹೇಳಿ ಹಾಕಿಸಿದ್ದು ಆಗುತ್ತದೆ.

ಮಾವ ತೋರಿಸಿದ ದಾರಿ

ಮನೆಗೆ ಬಂದಾಗ ಸೋದರಮಾವ ಬಂದು ಕೂತಿದ್ದರು. ವಿಷಯ ಕೇಳಿದ್ದೇ ತಡ, "ಅಯ್ಯೋ, ಆ ಫ್ಯಾಕ್ಟರಿ ಕ್ಯಾಂಟೀನ್ ಕಾಂಟ್ರ್ಯಾಕ್ಟ್ ತಗೊಂಡಿರೋನು ನಮಗೆ ಬೇಕಾದೋನೇ ಕಣಮ್ಮ. ದಿನಾ ಆ ಸಾಹೇಬರಿಗೆ ಕಾಫಿ ಕಳಿಸೋನು ಅವನೇ. ಒಂದು ಮಾತು ಹೇಳಿಸೋಣ" ಅಂದರು. ಅಮ್ಮನೂ ಹೌದು ಅನ್ನುವ ಹಾಗೆ ನನ್ನ ಕಡೆ ನೋಡಿದರು. ಮಾವನ ಮಾತಿನಲ್ಲಿ ಕೆಟ್ಟದ್ದು ಏನೂ ಇರಲಿಲ್ಲ, ಪ್ರೀತಿಯೇ ಇತ್ತು. "ಹೆಣ್ಣು ನೋಡೋಕೆ ಬಂದಾಗ ಹುಡುಗನ ತಾಯೀನೇ ಬಂದಿಲ್ಲ ಅಂದ್ರೆ, ಆಯಮ್ಮನ ಕಿವಿಗೆ ಒಂದು ಒಳ್ಳೇ ಮಾತು ಹಾಕಿಸೋಲ್ವಾ?" ಅಂದರು.

"ಬೇಡ ಮಾವ, ನಾನೇ ಕೇಳ್ತೀನಿ" ಅಂದೆ. ಅವರಿಗೆ ಅದು ಅಷ್ಟು ಹಿಡಿಸಲಿಲ್ಲ. ಹುಡುಗಿ ತಾನಾಗಿ ದೊಡ್ಡ ಸಾಹೇಬರನ್ನು ನೋಡಬೇಕು ಅಂತ ಬರೆಯುವುದು ಮೇಲೆ ಬಿದ್ದು ಹೋದ ಹಾಗೆ ಅಂತ ಅವರ ಭಾವನೆ.

ಇದನ್ನು ನಾನು ಎಷ್ಟೋ ದಿನ ಯೋಚಿಸಿದ್ದೇನೆ. ನಮ್ಮಲ್ಲಿ ಎರಡೇ ದಾರಿ ಇರುವ ಹಾಗೆ ನಡೆದುಕೊಳ್ಳುತ್ತೇವೆ. ಒಂದು, ಸಂಕೋಚಪಟ್ಟು ಬಾಯಿ ಮುಚ್ಚಿಕೊಂಡು ಕಾಯುವುದು. ಇನ್ನೊಂದು, ಯಾರದ್ದೋ ಕೈಯಲ್ಲಿ ಹೇಳಿಸುವುದು. ನೇರವಾಗಿ ಕೇಳುವುದನ್ನು ಮಾತ್ರ ದುರಹಂಕಾರ ಅಂದುಕೊಳ್ಳುತ್ತೇವೆ. ನನಗೆ ಕಾಣುವುದು ತಿರುಗುಮುರುಗು. ಕ್ಯಾಂಟೀನಿನವರು ಹೇಳಿದರೆ ಆ ಮಾತು ಎಚ್‌ಆರ್‌ಗೆ ಗೊತ್ತಾಗುವುದಿಲ್ಲ, ಗೊತ್ತಾದರೆ ಅವರಿಗೆ ಅವಮಾನ. ನನ್ನ ಕೆಲಸದ ಬಗ್ಗೆ ಕ್ಯಾಂಟೀನಿನವರಿಗೆ ಏನೂ ತಿಳಿಯದು, "ಒಳ್ಳೇ ಹುಡುಗಿ ಸಾರ್" ಅನ್ನಬಹುದು ಅಷ್ಟೇ. ಅದೇ ಎಚ್‌ಆರ್ ಮೂಲಕವೇ ಬರವಣಿಗೆಯಲ್ಲಿ ಕೇಳಿದರೆ ಎಲ್ಲರ ಕಣ್ಣೆದುರು ಇರುತ್ತದೆ. ಮುಚ್ಚಿಡಬೇಕಾದದ್ದು ಏನೂ ಇಲ್ಲ. ಇಲ್ಲ ಅನ್ನುವ ಹಕ್ಕೂ ಅವರಿಗೆ ಉಳಿಯುತ್ತದೆ.

ಮೇಲ್ ಬರೆದದ್ದು

ಮಾರನೇ ದಿನ ಬೆಳಿಗ್ಗೆ ಬರೆದೆ. ಇಂಟರ್‌ವ್ಯೂಗೆ ಕರೆದ ಮೇಲ್‌ಗೇ ಉತ್ತರವಾಗಿ ಹಾಕಿದರೆ ಹಿಂದಿನದೆಲ್ಲ ಒಂದೇ ಕಡೆ ಇರುತ್ತದೆ, ಯಾರು ಏನು ಅಂತ ಅವರು ಹುಡುಕಬೇಕಿಲ್ಲ. ಕಳಿಸಿದ್ದು ಇಂಗ್ಲಿಷಿನಲ್ಲಿ. ಕನ್ನಡದಲ್ಲಿ ಹೇಳಿದರೆ ಹೀಗಿತ್ತು:

"ಮೇಡಂ, ನಿನ್ನೆ ನೀವು ಮತ್ತು ಕ್ವಾಲಿಟಿ ಮ್ಯಾನೇಜರ್ ಅವರು ಸಮಯ ಕೊಟ್ಟಿದ್ದಕ್ಕೆ ಧನ್ಯವಾದ. ಬ್ರಾಕೆಟ್ ಲೈನಿನ ಬಗ್ಗೆ ಮಾತಾಡಿದ ಮೇಲೆ ಈ ಕೆಲಸ ಏನು ಅನ್ನುವುದು ಚೆನ್ನಾಗಿ ತಿಳಿಯಿತು. ಪ್ಲಾಂಟ್ ಹೆಡ್ ಅವರು ಗ್ರಾಹಕರ ಕಡೆ ಹೋಗಬೇಕಾಗಿ ಬಂದದ್ದರಿಂದ ಅವರ ಭೇಟಿ ಆಗಲಿಲ್ಲ. ರಾತ್ರಿ ಪಾಳಿಯಲ್ಲಿ ಮಾಲು ತಡೆಹಿಡಿಯುವ ವಿಷಯ ಅವರೇ ಹೇಳಬೇಕಾದ್ದು ಎಂದಿರಿ. ಅದರ ಬಗ್ಗೆ ಮತ್ತು ಅವರು ನನ್ನನ್ನು ಕೇಳಬೇಕೆಂದಿರುವುದರ ಬಗ್ಗೆ ಮಾತಾಡಲು ಅವರ 15 ನಿಮಿಷ ಸಿಗಬಹುದೇ? ತಿಂಗಳ ಕೊನೆಯ ಡಿಸ್ಪ್ಯಾಚ್ ಮುಗಿದ ಮೇಲೆ, 4ರಿಂದ 8ನೇ ತಾರೀಖಿನ ಒಳಗೆ, ಸಂಜೆ 5.30ರ ನಂತರ ಯಾವತ್ತಾದರೂ ಫ್ಯಾಕ್ಟರಿಗೆ ಬರುತ್ತೇನೆ. ಫೋನಿನಲ್ಲಾದರೂ ಸರಿ. ಇದರ ಅಗತ್ಯವಿಲ್ಲ ಎಂದು ನಿಮಗೆ ಅನಿಸಿದರೆ ನಿಮ್ಮ ತೀರ್ಮಾನಕ್ಕೆ ಕಾಯುತ್ತೇನೆ."

ಇದನ್ನು ಕಳಿಸಿದ್ದು ಎಚ್‌ಆರ್ ಒಬ್ಬರಿಗೇ. ಪ್ಲಾಂಟ್ ಹೆಡ್ ಅವರ ಹೆಸರು ಗೊತ್ತಿತ್ತು. ಕಂಪನಿಯ ಮೇಲ್ ವಿಳಾಸ ಹೇಗಿರುತ್ತದೆ ಅಂತ ನೋಡಿ ಅವರದನ್ನೂ ಊಹಿಸಬಹುದಿತ್ತು. ಹಾಗೆ ಮಾಡಬಾರದು. ಲಿಂಕ್ಡ್‌ಇನ್‌ನಲ್ಲಿ ಹುಡುಕಿ ಮೆಸೇಜ್ ಹಾಕುವುದೂ ಬೇಡ. ಅವರು ಎಚ್‌ಆರ್‌ಗೆ "ಯಾರಿದು?" ಅಂತ ಕೇಳಿದ ಕ್ಷಣಕ್ಕೆ, ನಮ್ಮ ಪರವಾಗಿ ಇದ್ದ ಒಬ್ಬರೂ ಕೈ ಬಿಟ್ಟು ಹೋಗುತ್ತಾರೆ.

ಎಚ್‌ಆರ್ ಈ ಮೇಲನ್ನು ಹಾಗೇ ಮೇಲಿನವರಿಗೆ ಫಾರ್ವರ್ಡ್ ಮಾಡುತ್ತಾರೆ ಅಂದುಕೊಂಡೇ ಬರೆಯಬೇಕು. ಅವರು ಕೂತು ನಮ್ಮ ಪರವಾಗಿ ಬೇರೆ ಬರೆಯುವುದಿಲ್ಲ. ಅದಕ್ಕೆ ಸಂಬಳದ ಮಾತು ಅದರಲ್ಲಿ ಬರಬಾರದು, ಬೇರೆ ಕಂಪನಿಯ ಆಫರ್ ಇದೆ ಅನ್ನುವ ಸುಳಿವೂ ಬೇಡ. ಪ್ಲಾಂಟ್ ಹೆಡ್ ಓದಿದಾಗ ಅವರಿಗೆ ಕಾಣಬೇಕಾದದ್ದು ಒಂದೇ: ಇವರು ಕೇಳುತ್ತಿರುವ ಪ್ರಶ್ನೆ ನನ್ನದೇ ತಲೆನೋವಿನದು.

ಒಮ್ಮೆ ನಾನು ಪ್ಯಾನೆಲ್‌ನಲ್ಲಿದ್ದಾಗ ಒಬ್ಬ ಹುಡುಗನ ಮೇಲ್ ಬಂದಿತ್ತು. "ಪ್ಯಾನೆಲ್ ಪೂರ್ತಿ ಇಲ್ಲದ ಕಾರಣ ನನ್ನ ಸಾಮರ್ಥ್ಯ ತೋರಿಸಲು ಸರಿಯಾದ ಅವಕಾಶ ಸಿಗಲಿಲ್ಲ" ಅಂತ ಬರೆದಿದ್ದ. ಅವನು ಕೇಳಿದ್ದೂ ಭೇಟಿಯನ್ನೇ. ಆದರೆ ಮುಕ್ಕಾಲು ಗಂಟೆ ಅವನ ಜೊತೆ ಕೂತಿದ್ದ ನಮಗೆ, ನಾವು ಲೆಕ್ಕಕ್ಕೇ ಇಲ್ಲ ಅಂದ ಹಾಗಾಯಿತು. ಹುಡುಗ ಒಳ್ಳೆಯವನೇ. ಬಂದವರಿಗೆ ಮೊದಲು ಒಂದು ನಿಜವಾದ ಧನ್ಯವಾದ ಹೇಳಿ, ಬಾರದವರ ಕಾರಣವನ್ನು ಗೌರವದಿಂದ ಒಪ್ಪಿಕೊಂಡು ಆಮೇಲೆ ಕೇಳಿದ್ದರೆ ಅದೇ ಕೋರಿಕೆ ಬೇರೆ ರೀತಿ ಕೇಳಿಸುತ್ತಿತ್ತು.

ತಾರೀಖಿನ ವಿಷಯ ಸ್ವಲ್ಪ ಹೇಳಬೇಕು. ಆಟೊಮೊಬೈಲ್ ಬಿಡಿಭಾಗದ ಫ್ಯಾಕ್ಟರಿಗಳಲ್ಲಿ ತಿಂಗಳ ಕೊನೆಯ ವಾರ ಯಾರಿಗೂ ಪುರಸೊತ್ತು ಇರುವುದಿಲ್ಲ. ಆ ತಿಂಗಳ ಬಿಲ್ಲಿಂಗ್ ಮುಗಿಸಬೇಕು, ಲಾರಿಗಳು ಗೇಟಿನಲ್ಲಿ ನಿಂತಿರುತ್ತವೆ. ನನ್ನ ಇಂಟರ್‌ವ್ಯೂ ಆ ವಾರದಲ್ಲೇ ಆಗಿತ್ತು. "ನಾಳೆ ನಾಡಿದ್ದು ಸಿಗಬಹುದಾ" ಅಂದಿದ್ದರೆ ಇಲ್ಲ ಅನ್ನುವುದೇ ಅವರಿಗೆ ಸುಲಭ. ಮುಂದಿನ ತಿಂಗಳ ಮೊದಲ ವಾರ ಕೇಳಿದರೆ ಉಸಿರಾಡಲು ಸಮಯ ಇರುತ್ತದೆ, ಈ ಕೆಲಸದ ಓಡಾಟ ನಮಗೂ ಗೊತ್ತು ಅಂತ ಅವರಿಗೂ ತಿಳಿಯುತ್ತದೆ. ಹಾಗೆಯೇ 15 ನಿಮಿಷ. ಅರ್ಧ ಗಂಟೆ ಅಂದರೆ ಅದಕ್ಕೊಂದು ಮೀಟಿಂಗ್ ಹಾಕಬೇಕು, ಬೇರೆ ಯಾವುದನ್ನೋ ಸರಿಸಬೇಕು. 15 ನಿಮಿಷ ಎರಡು ಕೆಲಸದ ಮಧ್ಯೆ ಸಿಕ್ಕಿಬಿಡುತ್ತದೆ.

ಉತ್ತರ ತಕ್ಷಣ ಬರಲಿಲ್ಲ. ಯಾವಾಗ ತಿಳಿಸುತ್ತೇವೆ ಅಂತ ಅವರು ಹೇಳಿದ್ದರೋ ಆ ದಿನ ದಾಟಿದ ಮೇಲೆ, ಅದೇ ಮೇಲ್‌ನ ಕೆಳಗೆ ಎರಡು ಸಾಲಿನ ನೆನಪೋಲೆ ಹಾಕಿದೆ. ನೆನಪಿಸುವುದು ಒಂದೇ ಸಲ. ಅದಕ್ಕೂ ಉತ್ತರ ಬಾರದಿದ್ದರೆ ಬಿಟ್ಟುಬಿಡಬೇಕು. "ಅಗತ್ಯವಿಲ್ಲ, ನಮ್ಮ ತೀರ್ಮಾನ ತಿಳಿಸುತ್ತೇವೆ" ಅಂತ ಬಂದರೂ ಅಲ್ಲಿಗೆ ನಿಲ್ಲಿಸಬೇಕು. ಒಮ್ಮೊಮ್ಮೆ ಆಗಲೇ ಹೂಂ ಅಂದಿರುತ್ತಾರೆ, ಅದಕ್ಕೇ ಅಗತ್ಯವಿಲ್ಲ ಅಂದಿರುತ್ತಾರೆ.

ಕೇಳಲೇಬಾರದ ಕಡೆ

ತುಮಕೂರಿನಲ್ಲಿರುವ ಚಿಕ್ಕಮ್ಮನ ಮಗ ಈಚೆಗೆ ಫೋನ್ ಮಾಡಿದ್ದ. ಸಹಾಯಕ ಪ್ರಾಧ್ಯಾಪಕ ಹುದ್ದೆಯ ಸಂದರ್ಶನ, ನಿಯಮದ ಪ್ರಕಾರ ರಚಿಸಿದ ಆಯ್ಕೆ ಸಮಿತಿ, ಅದರಲ್ಲಿ ಒಬ್ಬರು ವಿಷಯ ತಜ್ಞರು ಬಂದಿರಲಿಲ್ಲ. "ಅಕ್ಕ, ನೀನು ಮಾಡಿದ ಹಾಗೇ ನಾನೂ ಅವರನ್ನ ಒಂದು ಸಲ ನೋಡ್ಲಾ?" ಅಂದ. ಬೇಡವೇ ಬೇಡ ಅಂದೆ.

ಸರ್ಕಾರಿ ಹುದ್ದೆ, ವಿಶ್ವವಿದ್ಯಾಲಯದ ಹುದ್ದೆ, ನೇಮಕಾತಿ ಪ್ರಕಟಣೆ ಹೊರಡಿಸಿ ನಡೆಸುವ ಆಯ್ಕೆ, ಇವುಗಳ ದಾರಿಯೇ ಬೇರೆ. ಯಾವುದೇ ರೀತಿಯ ಪ್ರಭಾವ ಬೀರಲು ಪ್ರಯತ್ನಿಸಿದರೆ ಅನರ್ಹಗೊಳಿಸಲಾಗುವುದು ಅನ್ನುವ ಸಾಲು ಇಂಥ ಪ್ರಕಟಣೆಗಳಲ್ಲಿ ಸಾಮಾನ್ಯವಾಗಿ ಇದ್ದೇ ಇರುತ್ತದೆ. ಸಮಿತಿಯ ಸದಸ್ಯರನ್ನು ಹೊರಗೆ ಭೇಟಿ ಮಾಡುವುದು ಅದರ ಅಡಿಯಲ್ಲೇ ಬರುತ್ತದೆ, ನಮ್ಮ ಉದ್ದೇಶ ಎಷ್ಟೇ ಶುದ್ಧ ಇರಲಿ. ಅಲ್ಲಿ ಎಷ್ಟು ಜನ ಇದ್ದರೆ ಸಭೆ ನಡೆಯಬಹುದು ಅಂತ ಕೋರಂ ಇರುತ್ತದೆ. ಕೋರಂ ಇದ್ದರೆ, ಒಬ್ಬರು ಬರದಿದ್ದರೂ ಆಯ್ಕೆ ಸಿಂಧು. ಕೋರಂ ಇರಲಿಲ್ಲ ಅನ್ನುವ ಅನುಮಾನ ಬಂದರೆ ಅದನ್ನು ಕೇಳುವ ಜಾಗ ನೇಮಕಾತಿ ಮಾಡುವ ಸಂಸ್ಥೆಯ ಕಚೇರಿ, ಅದೂ ಬರವಣಿಗೆಯಲ್ಲಿ. ಆ ತಜ್ಞರ ಮನೆ ಬಾಗಿಲಲ್ಲ. ಖಾಸಗಿ ಫ್ಯಾಕ್ಟರಿಯ ಪ್ಲಾಂಟ್ ಹೆಡ್ ತನ್ನ ಕೈಕೆಳಗೆ ಕೆಲಸ ಮಾಡುವವರನ್ನು ತಾನೇ ಆರಿಸುತ್ತಾರೆ, ನಾಳೆಯಿಂದ ದಿನಾ ಮುಖ ನೋಡಬೇಕು. ಸಮಿತಿಯ ತಜ್ಞರು ಅಂಕ ಹಾಕಿ ಹೋಗುವವರು. ಅವರಿಗೂ ನಮಗೂ ಮಾತಾಡಲು ಆ ಕೋಣೆಯ ಹೊರಗೆ ಏನೂ ಇಲ್ಲ.

ಲೈನಿನ ಕೊನೆಯಲ್ಲಿ

ನೆನಪಿಸಿದ ಮೇಲೆ ಮೇಡಂ ಫೋನ್ ಮಾಡಿದರು. "ಸರ್ ಸಂಜೆ ಬನ್ನಿ ಅಂದ್ರು, ಸೇಫ್ಟಿ ಶೂ ಹಾಕ್ಕೊಂಡೇ ಬನ್ನಿ." ಶೂ ಅಂದಾಗಲೇ ಗೊತ್ತಾಯಿತು, ಕೂರಿಸಿ ಮಾತಾಡಿಸುವ ಭೇಟಿ ಇದಲ್ಲ ಅಂತ.

ಪ್ಲಾಂಟ್ ಹೆಡ್ ನನ್ನನ್ನು ನೇರ ವೆಲ್ಡಿಂಗ್ ಲೈನಿನ ಕೊನೆಗೆ ಕರೆದುಕೊಂಡು ಹೋದರು. ರೆಸ್ಯೂಮೆಯ ಬಗ್ಗೆ ಒಂದು ಮಾತೂ ಇಲ್ಲ. ಮುಗಿದ ಬ್ರಾಕೆಟ್ ಒಂದನ್ನು ಬಿನ್ನಿಂದ ಎತ್ತಿ ನನ್ನ ಕೈಗೆ ಕೊಟ್ಟು, "ಶನಿವಾರ ರಾತ್ರಿ 11 ಗಂಟೆ. ಇದರಲ್ಲಿ ಒಂದು ವೆಲ್ಡ್ ಬಿಟ್ಟುಹೋಗಿದೆ ಅಂತ ನಿಮಗೆ ಗೊತ್ತಾಯ್ತು. ಸಂಜೆ ಲಾರಿ ಹೋಗಿ ಆಗಿದೆ. ಮೊದಲು ಏನ್ ಮಾಡ್ತೀರಿ?" ಅಂದರು.

ಯಾಕೆ ಹೀಗಾಯ್ತು ಅಂತ ಹುಡುಕುವುದು ಆಮೇಲೆ, ಮೊದಲು ಕೆಟ್ಟ ಮಾಲು ಎಲ್ಲೆಲ್ಲಿ ಇದೆ ಅಂತ ಲೆಕ್ಕ ಹಾಕ್ತೀನಿ ಅಂದೆ. ಲೈನಿನ ಬಿನ್‌ಗಳಲ್ಲಿ, ನಮ್ಮ ಗೋದಾಮಿನಲ್ಲಿ, ರಸ್ತೆಯಲ್ಲಿರುವ ಲಾರಿಯಲ್ಲಿ, ಗ್ರಾಹಕರ ಸ್ಟೋರಿನಲ್ಲಿ. ಈ ನಾಲ್ಕೂ ಕಡೆ ಅದನ್ನು ತಡೆದು ಬೇರೆ ಇಡಬೇಕು. ಬ್ಯಾಚ್ ನಂಬರಿನಿಂದ ಯಾವ ಪಾಳಿಯದು ಅಂತ ಗೊತ್ತಾದರೆ ಅಷ್ಟನ್ನೇ ತಡೆಯಬಹುದು. ಗೊತ್ತಾಗದಿದ್ದರೆ ಇಡೀ ಲಾಟ್ ಅನುಮಾನದ್ದೇ ಅಂತ ಇಟ್ಟುಕೊಳ್ಳಬೇಕು.

"ಲಾರಿ ಹೊಸಕೋಟೆ ದಾಟಿದೆ. ವಾಪಸ್ ಕರೆಸ್ತೀರಾ? ಕರೆಸಿದ್ರೆ ಬೆಳಿಗ್ಗೆ ಅವರ ಲೈನ್ ನಿಲ್ಲುತ್ತೆ."

ವಾಪಸ್ ಬೇಡ, ಆದರೆ ಇಳಿಸಬಾರದು ಅಂದೆ. ಲಾರಿ ಮುಟ್ಟುವ ಮುಂಚೆ ಗ್ರಾಹಕರ ಕ್ವಾಲಿಟಿಯವರಿಗೆ ನಾವೇ ಫೋನ್ ಮಾಡಿ ಹೇಳಬೇಕು. ಇಲ್ಲಿ ಗೋದಾಮಿನಲ್ಲಿ ಇರುವುದನ್ನು ಒಂದೊಂದಾಗಿ ನೋಡಿ, ಸರಿಯಾದವಕ್ಕೆ ಗುರುತು ಹಾಕಿ, ಅವರ ಮೊದಲ ಪಾಳಿಗೆ ಆಗುವಷ್ಟನ್ನು ಚಿಕ್ಕ ಗಾಡಿಯಲ್ಲಿ ಕಳಿಸಬೇಕು. ಅದರ ಜೊತೆ ಇಬ್ಬರು ಹೋಗಿ ಲಾರಿಯ ಮಾಲನ್ನು ಅಲ್ಲೇ ಬೇರ್ಪಡಿಸಬೇಕು. ಅವರು ಮಧ್ಯೆ ಮಧ್ಯೆ ಕೆಣಕಿದರು. ರಾತ್ರಿ ಹನ್ನೊಂದಕ್ಕೆ ಇಬ್ಬರನ್ನ ಎಲ್ಲಿಂದ ತರ್ತೀರಿ, ಪ್ರೊಡಕ್ಷನ್‌ನವರು ಜನ ಕೊಡಲ್ಲ ಅಂದ್ರೆ? ನಾನು ಈಗಿನ ಕೆಲಸದಲ್ಲಿ ಮಾಡಿದ್ದನ್ನು ಹೇಳಿದೆ. ಈ ಮಾತುಕತೆಯಲ್ಲಿ ಯಾವುದೂ ಆ ಹಾಳೆಯ ಎರಡು ಸಾಲಿನ ಚೌಕದಲ್ಲಿ ಹಿಡಿಸುತ್ತಿರಲಿಲ್ಲ.

15 ನಿಮಿಷ ಆಗುತ್ತಾ ಬಂದಿತ್ತು. "ಸರ್, ನಾನು ಕೇಳಿದ್ದ ಸಮಯ ಮುಗೀತಾ ಬಂತು. ಒಂದೇ ಪ್ರಶ್ನೆ ಇದೆ" ಅಂದೆ. ನಾವು ಕೇಳಿದ ಸಮಯವನ್ನು ನಾವೇ ಕಾಯಬೇಕು. ಮುಂದುವರಿಸುವುದು ಬಿಡುವುದು ಅವರಿಗೆ ಬಿಟ್ಟದ್ದು. ಅವರು ಗಡಿಯಾರ ನೋಡದೆ "ಕೇಳಿ" ಅಂದರು.

"ನಾನು ಹೋಲ್ಡ್ ಟ್ಯಾಗ್ ಹಾಕಿದ ಮಾಲನ್ನು, ರಾತ್ರಿ ಡಿಸ್ಪ್ಯಾಚ್ ಒತ್ತಡ ಅಂತ ಯಾರಾದರೂ ಬಿಡಿಸಬಹುದಾ?"

ಈ ಪ್ರಶ್ನೆ ಅವರನ್ನು ಮೆಚ್ಚಿಸಲು ಕೇಳಿದ್ದಲ್ಲ. ನನಗೆ ಇದರ ಉತ್ತರ ಬೇಕಿತ್ತು. ಟ್ಯಾಗ್ ಕಿತ್ತು ಮಾಲು ಕಳಿಸುವ ಕಡೆ ಕ್ವಾಲಿಟಿಯವರು ಇದ್ದೂ ಇಲ್ಲದ ಹಾಗೆ. ದೂರು ಬಂದಾಗ ಬೈಸಿಕೊಳ್ಳಲು ಮಾತ್ರ ಇರುತ್ತಾರೆ. ಅಂಥ ಕಡೆಗೆ ಸಂಬಳ ಜಾಸ್ತಿ ಅಂತ ಹೋಗಲು ನನಗೆ ಮನಸ್ಸಿರಲಿಲ್ಲ. ಮೂರನೇ ಕುರ್ಚಿ ಖಾಲಿ ಇದ್ದದ್ದರಿಂದ ಅವರು ನನ್ನನ್ನು ನೋಡಲಿಲ್ಲ ಅನ್ನುವಷ್ಟೇ, ನಾನೂ ಅವರನ್ನು ನೋಡಿರಲಿಲ್ಲ ಅನ್ನುವುದು ದೊಡ್ಡ ವಿಷಯ.

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. "ಬಿಡಿಸಬಹುದು. ಆದ್ರೆ ನಾನೊಬ್ಬನೇ. ಫೋನಲ್ಲಿ ಹೇಳಿದ್ರೆ ಆಗಲ್ಲ, ಸಹಿ ಹಾಕಬೇಕು, ಗ್ರಾಹಕರ ಒಪ್ಪಿಗೆ ಅದರ ಜೊತೆ ಇರಬೇಕು. ಹೋದ ವರ್ಷದ ತನಕ ಹೀಗೆ ಇರಲಿಲ್ಲ, ಶಿಫ್ಟ್ ಇನ್‌ಚಾರ್ಜ್ ಬಿಡ್ತಾ ಇದ್ರು. ಅದಕ್ಕೇ ನಾನು ಅವತ್ತು ಇಂಟರ್‌ವ್ಯೂನಲ್ಲಿ ಕೂರೋಕೆ ಆಗದೆ ಗ್ರಾಹಕರ ಹತ್ರ ಹೋಗಿ ನಿಂತಿದ್ದು, ಹಾಗೆ ಬಿಟ್ಟ ಹಳೇ ಲಾಟು ಅದು" ಅಂದರು.

ಮನೆಗೆ ಬಂದು ಎಚ್‌ಆರ್ ಮೇಡಂಗೆ ಅದೇ ಮೇಲ್‌ನ ಕೆಳಗೆ ಮೂರು ಸಾಲು ಬರೆದೆ. ಭೇಟಿ ಮಾಡಿಸಿದ್ದಕ್ಕೆ ಧನ್ಯವಾದ, ನನ್ನ ಪ್ರಶ್ನೆಗೆ ಉತ್ತರ ಸಿಕ್ಕಿತು, ಈ ಕೆಲಸ ಮಾಡಲು ನನಗೆ ಇಷ್ಟವಿದೆ. ಸರ್‌ಗೆ ಬೇರೆ ಬರೆಯಲಿಲ್ಲ. ಅವರ ಮಾತನ್ನು ಅವರೇ ಎಚ್‌ಆರ್‌ಗೆ ಹೇಳಿರುತ್ತಾರೆ. ಮೇಡಂ ಉತ್ತರದಲ್ಲಿ ಹೆಚ್ಚೇನೂ ಇರಲಿಲ್ಲ. ಕೊನೆಯ ಮೂರು ತಿಂಗಳ ಸಂಬಳದ ಚೀಟಿ ಕಳಿಸಿ, ನೋಟಿಸ್ 60 ದಿನಕ್ಕಿಂತ ಕಡಿಮೆ ಮಾಡಿಸಲು ಆಗುತ್ತಾ ಅಂತ ಕೇಳಿ ತಿಳಿಸಿ ಅಂತ ಬರೆದಿದ್ದರು.